ಹಂಗಾರೆ… ಇಡ್ಲಾ? ಹೊರಡುವ ಮಾತು ಯಾಕೆ ಕಷ್ಟ

ಆಯಿ, ಅಂದರೆ ನನ್ನ ಅಮ್ಮ, ಶಿರಸಿ ಹತ್ತಿರದ ನಮ್ಮ ಮನೆಯಲ್ಲಿರುತ್ತಾಳೆ, ಅವಳ ತಂಗಿ ಚಿಕ್ಕಿ ಕಾರವಾರದಲ್ಲಿ. ವಾರಕ್ಕೊಮ್ಮೆ ಫೋನು. ಮಾತುಕತೆಯ ವಿಶ್ಲೇಷಣೆಯ ಪಾಠ ಓದುವಾಗ ಇಬ್ಬರ ಒಪ್ಪಿಗೆ ಪಡೆದು ಅವರ ಒಂದು ಫೋನ್ ಕರೆಯನ್ನು ರೆಕಾರ್ಡ್ ಮಾಡಿಕೊಂಡೆ, ಕೂತು ಬರೆದುಕೊಂಡೆ. ಕರೆ ಶುರುವಾಗಲು ಮೂರು ಮಾತು ಸಾಕಾಗಿತ್ತು: ‘ಹಲೋ’, ‘ಅಕ್ಕಾ, ಆನು’, ‘ಹ್ಞಾಂ ಹೇಳೇ’. ಅದೇ ಕರೆ ಮುಗಿಯಲು ಹದಿಮೂರು ಮಾತು ಬೇಕಾದವು. ಈ ಟಿಪ್ಪಣಿ ಮುಖ್ಯವಾಗಿ ಆ ಹದಿಮೂರು ಮಾತುಗಳ ಬಗ್ಗೆ. ಪರೀಕ್ಷೆಗೆ ಓದುವವರಿಗೆ ಬೇಕಾದ ಸಿದ್ಧಾಂತವೂ ಇದರೊಳಗೇ ಬರುತ್ತದೆ, ಆದರೆ ಮೊದಲು ಸಿದ್ಧಾಂತ ಓದಿ ಆಮೇಲೆ ಉದಾಹರಣೆ ಹುಡುಕುವುದಕ್ಕಿಂತ, ಮನೆಯ ಮಾತನ್ನೇ ಮುಂದಿಟ್ಟುಕೊಂಡು ಓದಿದರೆ ಇದು ಬೇಗ ತಲೆಗೆ ಹತ್ತುತ್ತದೆ ಎಂಬುದು ನನ್ನ ಅನುಭವ.

ಕರೆಯ ಕೊನೆ ಹೀಗಿತ್ತು. ನಮ್ಮ ಕಡೆಯ ಹವ್ಯಕ ಮಾತಾದ್ದರಿಂದ ಬೇರೆ ಊರಿನವರಿಗೆ ಅಲ್ಲಲ್ಲಿ ತಡೆಯಬಹುದು, ಅರ್ಥವನ್ನು ಕೆಳಗೆ ಬಿಡಿಸಿದ್ದೇನೆ.

1. ಚಿಕ್ಕಿ: ಮತ್ತೆಂತ ಸುದ್ದಿ?
2. ಆಯಿ: ಮತ್ತೆಂತ ಇಲ್ಲೆ. ಎಲ್ಲಾ ಆರಾಮು.
3. ಚಿಕ್ಕಿ: ಹ್ಞೂಂ…
4. ಆಯಿ: ಹಂಗಾರೆ…
5. ಚಿಕ್ಕಿ: ಹಂಗಾರೆ ಅಕ್ಕಾ, ಅಪ್ಪೆಮಿಡಿ ಕಳಸದು ಮರೀಡ.
6. ಆಯಿ: ಇಲ್ಲೆ, ಮರೀತ್ನಿಲ್ಲೆ. ಸೋಮವಾರ ಬಸ್ಸಿಗೆ ಕೊಟ್ಟು ಕಳಸ್ತಿ. ಇಡ್ಲಾ?
7. ಚಿಕ್ಕಿ: ಇಡು ಇಡು. ಅಂದಹಾಂಗೆ, ಭಾವನ ಕಾಲು ಹ್ಯಾಂಗಿದ್ದು?
8. ಆಯಿ: ಈಗ ಅಡ್ಡಿಲ್ಲೆ. ನೋವು ಕಡಮೆ ಆಜು.
9. ಚಿಕ್ಕಿ: ಆಗ್ಲಿ ಆಗ್ಲಿ. ಇಡ್ತಿ ಹಂಗಾರೆ.
10. ಆಯಿ: ಇಡು. ಬಾರೇ ಒಂದ್ಸಲ.
11. ಚಿಕ್ಕಿ: ಬತ್ತಿ ಬತ್ತಿ.
12. ಆಯಿ: ಹ್ಞೂಂ.
13. ಚಿಕ್ಕಿ: ಹ್ಞಾಂ.

ಇಷ್ಟಾದ ಮೇಲೆ ಫೋನು ನಿಂತಿತು. ‘ವಿದಾಯ’ ಎಂದು ನಿಘಂಟಿನಲ್ಲಿ ಸಿಗುವ ಶಬ್ದ ಇದರಲ್ಲಿ ಎಲ್ಲೂ ಇಲ್ಲ. ಕನ್ನಡ ಮಾತಾಡುವ ಯಾರೂ ಫೋನಿನಲ್ಲಿ ‘ವಿದಾಯ’ ಎನ್ನುವುದಿಲ್ಲ. ಹಾಗಿದ್ದರೂ ಇಬ್ಬರೂ ಒಂದೇ ಕ್ಷಣದಲ್ಲಿ, ಯಾರಿಗೂ ಬೇಸರವಾಗದಂತೆ ಮಾತು ನಿಲ್ಲಿಸಿದರು. ಹೇಗೆ?

ಮಾತಿಗೆ ತಾನಾಗಿ ನಿಲ್ಲುವ ಗುಣ ಇಲ್ಲ

ಈ ಪ್ರಶ್ನೆಯನ್ನು ಮೊದಲು ಸರಿಯಾಗಿ ಕೇಳಿದವರು ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞರು, ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವಿ ಸ್ಯಾಕ್ಸ್. 1973ರಲ್ಲಿ ಅವರು ಬರೆದ ಪ್ರಬಂಧ ಫೋನ್ ಕರೆಗಳ ಕೊನೆಯನ್ನೇ ವಿಷಯವಾಗಿ ಇಟ್ಟುಕೊಂಡಿತ್ತು. ಅದಕ್ಕೂ ಐದು ವರ್ಷ ಮೊದಲು, 1968ರಲ್ಲಿ, ಶೆಗ್ಲಾಫ್ ಕರೆಗಳ ಆರಂಭದ ಬಗ್ಗೆ ಬರೆದಿದ್ದರು. ಎರಡನ್ನೂ ಒಟ್ಟಿಗೆ ಓದಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಆರಂಭದಲ್ಲಿ ಫೋನು ರಿಂಗಾಗುವುದೇ ಒಂದು ಕರೆ, ‘ಹಲೋ’ ಅದಕ್ಕೆ ಓಗೊಡುವುದು. ಆ ಕ್ಷಣದಲ್ಲಿ ಹೇಳಬಹುದಾದ್ದು ತೀರ ಕಡಿಮೆ. ನಿನ್ನೆ ಏನಾಯಿತು, ನಾಳೆ ಏನು ಎಂಬುದರ ಭಾರ ಅದರ ಮೇಲಿಲ್ಲ. ತಪ್ಪಾಗಿ ಹೇಳಿದರೂ ನಷ್ಟವಿಲ್ಲ, ಯಾಕೆಂದರೆ ಮುಂದೆ ಹತ್ತು ನಿಮಿಷದ ಮಾತು ಇದೆ, ಅದರಲ್ಲಿ ಸರಿಪಡಿಸಿಕೊಳ್ಳಬಹುದು. ದನಿ ಒರಟಾಗಿ ಕೇಳಿಸಿದರೆ ‘ನಿದ್ದೆ ಬಂದಿತ್ತು ಮಾರಾಯ್ತಿ’ ಎನ್ನಲು ಜಾಗವಿದೆ.

ಕೊನೆಯಲ್ಲಿ ಆ ಜಾಗ ಇಲ್ಲ. ಹೊರಡುವ ಮಾತಿನ ನಂತರ ಮೌನ ಬರುತ್ತದೆ, ಆ ಮೌನದೊಳಗೆ ತಿದ್ದುಪಡಿ ಮಾಡಲು ಬರುವುದಿಲ್ಲ. ಇದು ಮೊದಲ ಕಷ್ಟ.

ಎರಡನೆಯದು ಇನ್ನೂ ಆಳದ್ದು, ಶೆಗ್ಲಾಫ್ ಮತ್ತು ಸ್ಯಾಕ್ಸ್ ಹಿಡಿದದ್ದು ಇದನ್ನೇ. ಮಾತುಕತೆ ಸರದಿಯ ಮೇಲೆ ನಡೆಯುತ್ತದೆ. ಒಬ್ಬರು ಮುಗಿಸಿದ ಕೂಡಲೇ ಇನ್ನೊಬ್ಬರ ಸರದಿ. ಅವರು ಮಾತಾಡದಿದ್ದರೆ ಆ ಮೌನಕ್ಕೆ ಅರ್ಥ ಬಂದುಬಿಡುತ್ತದೆ: ಸಿಟ್ಟು ಬಂತೇ, ಕೇಳಿಸಲಿಲ್ಲವೇ, ಲೈನು ಹೋಯಿತೇ? ಈ ಯಂತ್ರಕ್ಕೆ ತನ್ನೊಳಗೆ ನಿಲ್ಲಿಸುವ ಗುಂಡಿ ಇಲ್ಲ. ಪ್ರತಿ ಮಾತೂ ಮುಂದಿನ ಮಾತನ್ನು ಕರೆಯುತ್ತದೆ. ಹಾಗಾದರೆ ಒಬ್ಬರ ಮಾತು ಮುಗಿದ ಮೇಲೆ ಬರುವ ಮೌನ ‘ಮಾತಾಡಲಿಲ್ಲ’ ಎಂದು ಕೇಳಿಸದೆ ‘ಮಾತು ಮುಗಿಯಿತು’ ಎಂದು ಕೇಳಿಸುವುದು ಹೇಗೆ?

ಅವರ ಉತ್ತರದ ಒಂದು ಭಾಗ ಜೋಡಿಮಾತು. ಒಂದು ಹೇಳಿದರೆ ಇನ್ನೊಂದು ಬರಲೇಬೇಕಾದ ಮಾತುಗಳ ಜೋಡಿ: ಪ್ರಶ್ನೆಗೆ ಉತ್ತರ, ನಮಸ್ಕಾರಕ್ಕೆ ನಮಸ್ಕಾರ. ಕೊನೆಯಲ್ಲೂ ಅಂಥ ಒಂದು ಜೋಡಿ ಬರುತ್ತದೆ. ನಮ್ಮ ಕರೆಯಲ್ಲಿ 12 ಮತ್ತು 13ನೇ ಮಾತುಗಳು, ಆ ‘ಹ್ಞೂಂ’ ಮತ್ತು ‘ಹ್ಞಾಂ’, ಆ ಜೋಡಿ. ಎರಡನೆಯದು ಬಿದ್ದ ಕೂಡಲೇ ಮೌನ ಸರಿಯಾದ ಮೌನವಾಗುತ್ತದೆ.

ಆದರೆ ಇದು ಅರ್ಧ ಉತ್ತರ. ಮಾತಿನ ನಡುವೆ ಎಲ್ಲೋ ಏಕಾಏಕಿ ‘ಹ್ಞೂಂ, ಇಡ್ತಿ’ ಎಂದರೆ ಅದು ಮುಗಿತಾಯ ಅಲ್ಲ, ಅವಮಾನ. ಯಾಕೆಂದರೆ ಇನ್ನೊಬ್ಬರ ಹತ್ತಿರ ಇನ್ನೂ ಹೇಳದ ಮಾತು ಇರಬಹುದು. ಫೋನ್ ಮಾಡಿದ್ದೇ ಅದಕ್ಕಾಗಿ ಇರಬಹುದು, ಎಲ್ಲಿ ಹೇಳುವುದು ಎಂದು ಕಾಯುತ್ತಿರಬಹುದು. ಆದ್ದರಿಂದ ಕೊನೆಯ ಜೋಡಿಗೆ ಮೊದಲು, ‘ನನ್ನ ಹತ್ತಿರ ಇನ್ನೇನೂ ಇಲ್ಲ, ನಿನ್ನ ಹತ್ತಿರ ಇದೆಯೇ?’ ಎಂದು ಕೇಳುವ ಒಂದು ಘಟ್ಟ ಬೇಕು. ಇದನ್ನು ನಾವು ಮುಗಿತಾಯದ ಪೂರ್ವಸೂಚನೆ ಎನ್ನೋಣ. ಇಂಗ್ಲಿಷಿನಲ್ಲಿ ಅದು ಎಳೆದು ಹೇಳಿದ ‘ವೆಲ್’, ‘ಓಕೆ’, ‘ಸೋ’. ನಮ್ಮಲ್ಲಿ ‘ಹಂಗಾರೆ’, ಅಂದರೆ ಹಾಗಾದರೆ.

ಆ ಹದಿಮೂರು ಮಾತು, ಒಂದೊಂದಾಗಿ

1ನೇ ಮಾತು ‘ಮತ್ತೆಂತ ಸುದ್ದಿ?’ ಹೊರಗಿನಿಂದ ನೋಡಿದರೆ ಪ್ರಶ್ನೆ. ಕರೆಯ ಆರಂಭದಲ್ಲಿ ಅದೇ ಮಾತು ನಿಜವಾಗಿಯೂ ಸುದ್ದಿ ಕೇಳುತ್ತದೆ. ಕೊನೆಯಲ್ಲಿ ಅದು ಬಾಗಿಲು ತಟ್ಟುವ ಸದ್ದು. ಎರಡನ್ನೂ ಬೇರ್ಪಡಿಸುವುದು ಹೇಗೆ? ರೆಕಾರ್ಡನ್ನು ಹತ್ತಾರು ಸಲ ಕೇಳಿ ನಾನು ಕಂಡುಕೊಂಡದ್ದು ಇಷ್ಟು: ಅದಕ್ಕೆ ಮೊದಲು ಒಂದು ವಿಷಯ ಪೂರ್ತಿ ಮುಗಿದಿರುತ್ತದೆ, ಸಣ್ಣ ಬಿಡುವು ಬಿದ್ದಿರುತ್ತದೆ, ದನಿ ಏರದೆ ಇಳಿಯುತ್ತದೆ. ಆದರೂ ಕೊನೆಗೆ ತೀರ್ಮಾನಿಸುವುದು ಕೇಳಿದವರಲ್ಲ, ಉತ್ತರಿಸುವವರು. ಆಯಿ ಆಗ ಹೊಸ ಸುದ್ದಿ ಹೇಳಿದ್ದರೆ ಆ ಮಾತು ಪ್ರಶ್ನೆಯಾಗಿಯೇ ಉಳಿಯುತ್ತಿತ್ತು. ‘ಮತ್ತೆಂತ ಇಲ್ಲೆ’ ಎಂದು ಹೇಳಿದ್ದರಿಂದ ಅದು ಪೂರ್ವಸೂಚನೆ ಆಯಿತು. ಈ ಹಂತದಲ್ಲಿ ಯಾವ ಮಾತೂ ತಾನಾಗಿ ‘ಮುಗಿಸುವ ಮಾತು’ ಆಗಿರುವುದಿಲ್ಲ, ಇನ್ನೊಬ್ಬರು ಒಪ್ಪಿಕೊಂಡ ಮೇಲೆ ಆಗುತ್ತದೆ.

ಕನ್ನಡ ಕಲಿಯುವವರು ಇಲ್ಲಿ ಹೆಚ್ಚು ಎಡವುತ್ತಾರೆ. ಕಾರವಾರದಲ್ಲಿ ಕೆಲಸಕ್ಕೆಂದು ಉತ್ತರದ ಕಡೆಯಿಂದ ಬಂದು ಕನ್ನಡ ಕಲಿತ ಪರಿಚಯದವರೊಬ್ಬರು ಇದ್ದಾರೆ. ಅವರ ವ್ಯಾಕರಣ ಶುದ್ಧ. ಆದರೆ ಮನೆ ಮಾಲಕರು ‘ಮತ್ತೆ?’ ಎಂದಾಗಲೆಲ್ಲ ಅವರು ಪ್ರಾಮಾಣಿಕವಾಗಿ ಯೋಚಿಸಿ ಹೊಸ ಸುದ್ದಿ ಹೇಳುತ್ತಿದ್ದರು. ಮಾಲಕರಿಗೆ ಎದ್ದು ಹೋಗಲು ಆಗದು, ಇವರಿಗೆ ಮಾತು ನಿಲ್ಲಿಸಲು ಆಗದು. ಆರು ತಿಂಗಳ ಮೇಲೆ ಯಾರೋ ಬಿಡಿಸಿ ಹೇಳಿದಾಗ ಅವರು ನಿಜವಾಗಿಯೂ ನೊಂದುಕೊಂಡರು. ಯಾವ ಪುಸ್ತಕದಲ್ಲೂ ‘ಮತ್ತೆ’ಗೆ ಈ ಅರ್ಥ ಬರೆದಿರಲಿಲ್ಲ.

3 ಮತ್ತು 4ನೇ ಮಾತಿನಲ್ಲಿ ಇಬ್ಬರೂ ತಮ್ಮ ಸರದಿಯನ್ನು ಖಾಲಿ ಬಿಟ್ಟರು. ‘ಹ್ಞೂಂ’, ‘ಹಂಗಾರೆ’. ಎರಡರಲ್ಲೂ ವಿಷಯ ಇಲ್ಲ. ಹಾಗೆ ಇಲ್ಲದಿರುವುದೇ ಅವುಗಳ ಕೆಲಸ. ಈಗ ಯಾರಿಗೆ ಬೇಕಾದರೂ ಉಳಿದ ಮಾತು ಹೇಳಲು ಜಾಗ ಸಿಕ್ಕಿತು. ಚಿಕ್ಕಿ ಆ ಜಾಗವನ್ನು ಕೂಡಲೇ ಬಳಸಿಕೊಂಡಳು: ಅಪ್ಪೆಮಿಡಿ. ಅವಳು ಫೋನ್ ಮಾಡಿದ್ದೇ ಅದಕ್ಕೆ ಎಂದು ನನ್ನ ಅನುಮಾನ. ಒಂದು ವಸ್ತುವನ್ನು ಕೇಳುವ ಮಾತು ಆರಂಭದಲ್ಲಿ ಬಂದರೆ ಸ್ವಾರ್ಥದಂತೆ ಕೇಳಿಸುತ್ತದೆ, ಕೊನೆಯಲ್ಲಿ ಬಂದರೆ ನೆನಪಾಗಿ ಹೇಳಿದಂತೆ. ಅದೂ ಅಲ್ಲದೆ ಈ ಮಾತು ಇನ್ನೊಂದು ಕೆಲಸ ಮಾಡಿತು. ಸೋಮವಾರದ ಬಸ್ಸು ಎಂಬ ಏರ್ಪಾಡು ಇಬ್ಬರ ನಡುವೆ ಮುಂದಿನ ಒಂದು ಭೇಟಿಯನ್ನು, ಕನಿಷ್ಠ ಮುಂದಿನ ಒಂದು ಫೋನನ್ನು ಕಟ್ಟಿಟ್ಟಿತು. ಶೆಗ್ಲಾಫ್ ಮತ್ತು ಸ್ಯಾಕ್ಸ್ ಕೂಡ ಇಂಥ ಏರ್ಪಾಡಿನ ಮಾತು ಮುಗಿತಾಯದ ಭಾಗದಲ್ಲಿ ಬರುವುದನ್ನು ಗುರುತಿಸಿದ್ದಾರೆ.

6ನೇ ಮಾತಿನ ‘ಇಡ್ಲಾ?’ ನನಗೆ ತುಂಬ ಇಷ್ಟವಾದ ಶಬ್ದ. ‘ನಾನು ಇಡಲೇ?’ ಎಂದು ಅಪ್ಪಣೆ ಕೇಳುವ ಮಾತು. ಹೊರಡುವವರೂ ಉಳಿಯುವವರೂ ಎಂಬ ಭೇದ ಫೋನಿನಲ್ಲಿ ಇಲ್ಲ, ಇಬ್ಬರೂ ಅವರವರ ಜಾಗದಲ್ಲೇ ಇರುತ್ತಾರೆ. ಹಾಗಾಗಿ ‘ಬರ್ತೆ’ ಅಷ್ಟು ಹೊಂದುವುದಿಲ್ಲ. ಭಾಷೆ ಆಗ ಕೈಗೆ ಸಿಕ್ಕಿದ ಕ್ರಿಯೆಯನ್ನೇ ಹಿಡಿದುಕೊಂಡಿತು: ರಿಸೀವರನ್ನು ಕೆಳಗೆ ಇಡುವುದು. ಈಗ ಇಡಲು ರಿಸೀವರೇ ಇಲ್ಲ, ಗಾಜಿನ ಮೇಲೆ ಬೆರಳು ಒತ್ತುತ್ತೇವೆ, ಆದರೂ ‘ಇಡ್ತಿ’ ಉಳಿದಿದೆ. ಹಿಂದಿಯ ‘ರಖ್‌ತಾ ಹೂಂ’, ಮರಾಠಿಯ ‘ಠೇವತೋ’ ಕೂಡ ಇದೇ. ಕೊರಿಯನ್ನರು ಫೋನಿನಲ್ಲಿ ‘ಕತ್ತರಿಸುತ್ತೇನೆ’ ಎಂಬ ಅರ್ಥದ ಕ್ರಿಯಾಪದ ಬಳಸುತ್ತಾರೆ. ಜರ್ಮನ್ನರು ಎದುರಿಗೆ ಸಿಕ್ಕಾಗ ‘ಆಫ್ ವೀಡರ್‌ಝೇನ್’, ಅಂದರೆ ಮತ್ತೆ ನೋಡುವ ತನಕ ಎನ್ನುವವರು, ಫೋನಿನಲ್ಲಿ ‘ಆಫ್ ವೀಡರ್‌ಹೋರೆನ್’, ಮತ್ತೆ ಕೇಳುವ ತನಕ ಎಂದು ಬದಲಿಸಿಕೊಂಡರು. ಫೋನು ಬಂದಾಗ ‘ಹಲೋ’ ಎಂಬ ಒಂದೇ ಶಬ್ದವನ್ನು ಎಷ್ಟೋ ಭಾಷೆಗಳು ಹಾಗೇ ಎರವಲು ಪಡೆದವು. ಹೊರಡುವ ಮಾತನ್ನು ಮಾತ್ರ ಎಷ್ಟೋ ಭಾಷೆಗಳು ತಾವೇ ಕಟ್ಟಿಕೊಂಡವು.

7ನೇ ಮಾತಿನಲ್ಲಿ ‘ಇಡು ಇಡು’ ಎಂದ ಮೇಲೂ ಚಿಕ್ಕಿ ಭಾವನ ಕಾಲಿನ ವಿಷಯ ತೆಗೆದಳು. ಮುಗಿಸಲು ಒಪ್ಪಿಕೊಂಡ ಮೇಲೆ ಹೊಸ ವಿಷಯ ತೆಗೆದರೆ ತಪ್ಪು ಜಾಗದಲ್ಲಿ ಮಾತಾಡಿದಂತೆ. ಆ ತಪ್ಪನ್ನು ತಾನು ಬಲ್ಲೆ ಎಂದು ತೋರಿಸಲು ಒಂದು ಗುರುತು ಹಾಕಬೇಕು. ‘ಅಂದಹಾಂಗೆ’ ಆ ಗುರುತು. ಇಂಗ್ಲಿಷಿನ ‘ಬೈ ದ ವೇ’ ಮಾಡುವ ಇದೇ ಕೆಲಸವನ್ನು 1973ರ ಪ್ರಬಂಧ ವಿವರಿಸುತ್ತದೆ. ಎಣಿಸಿ ನೋಡಿ: ನಿಮ್ಮ ಮನೆಯ ಕರೆಗಳಲ್ಲಿ ‘ಅಂದಹಾಗೆ’ ಎಲ್ಲಿ ಬೀಳುತ್ತದೆ? ನಡುವೆ ಕಡಿಮೆ, ಕೊನೆಗೆ ಜಾಸ್ತಿ. ಕಾಲುನೋವನ್ನು ಕೇಳದೆ ಫೋನ್ ಇಟ್ಟಿದ್ದರೆ ಅದೊಂದು ಕೊರತೆಯಾಗಿ ಉಳಿಯುತ್ತಿತ್ತು, ಮುಂದಿನ ವಾರದವರೆಗೆ.

9ನೆಯದರಿಂದ ಮತ್ತೆ ಇಳಿಯುವುದು. ಒಮ್ಮೆ ತೆರೆದುಕೊಂಡ ಮುಗಿತಾಯವನ್ನು ಮತ್ತೆ ಪೂರ್ವಸೂಚನೆಯಿಂದಲೇ ಕಟ್ಟಬೇಕು, ಆದ್ದರಿಂದ ‘ಹಂಗಾರೆ’ ಮೂರನೇ ಸಲ ಬಂತು. ‘ಬಾರೇ ಒಂದ್ಸಲ’ ಎಂಬುದಕ್ಕೆ ‘ಬತ್ತಿ ಬತ್ತಿ’, ಅಂದರೆ ಬರುತ್ತೇನೆ ಬರುತ್ತೇನೆ ಎಂದದ್ದಕ್ಕೆ ತಾರೀಖು ಇಲ್ಲ, ಇಬ್ಬರಿಗೂ ತಾರೀಖು ಬೇಕಿಲ್ಲ. ಇಲ್ಲಿ ಸಂಬಂಧದ ಲೆಕ್ಕ ಮಾತ್ರ ಇದೆ. ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1971ರಲ್ಲಿ ಸ್ವಾಗತ ಮತ್ತು ಬೀಳ್ಕೊಡುಗೆಯನ್ನು ಒಂದು ಜೋಡಿ ಆವರಣ ಚಿಹ್ನೆಗಳಂತೆ ವಿವರಿಸಿದರು: ಸ್ವಾಗತ ಒಬ್ಬರಿಗೊಬ್ಬರು ಹೆಚ್ಚು ಸಿಗುವ ಹೊತ್ತನ್ನು ತೆರೆಯುತ್ತದೆ, ಬೀಳ್ಕೊಡುಗೆ ಕಡಿಮೆ ಸಿಗುವ ಹೊತ್ತನ್ನು. ಕಡಿಮೆ ಸಿಗುವುದನ್ನು ಘೋಷಿಸುತ್ತಲೇ ಸಂಬಂಧ ಕಡಿಮೆಯಾಗಿಲ್ಲ ಎಂದೂ ಹೇಳಬೇಕು. ಎರಡು ವಿರುದ್ಧ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಬೇಕಾದ ಈ ಒತ್ತಡ ‘ಹಲೋ’ಗೆ ಇಲ್ಲ.

ಸಂಬಂಧವೇ ಇಲ್ಲದ ಕಡೆ ಈ ಕಷ್ಟವೂ ಇಲ್ಲ. ಬಸ್ಸಿನ ಕಂಡಕ್ಟರ್ ಹತ್ತಿರ ಕುಮಟಾಕ್ಕೆ ಟಿಕೆಟ್ ಪಡೆದ ಮೇಲೆ ಯಾರೂ ‘ಹಂಗಾರೆ’ ಎನ್ನುವುದಿಲ್ಲ. ಹರ್ಬರ್ಟ್ ಕ್ಲಾರ್ಕ್ ಮತ್ತು ಫ್ರೆಂಚ್ ಎಂಬ ಸಂಶೋಧಕರು 1981ರಲ್ಲಿ ವಿಶ್ವವಿದ್ಯಾಲಯದ ಫೋನ್ ಸ್ವಿಚ್‌ಬೋರ್ಡಿಗೆ ಬರುತ್ತಿದ್ದ ಕರೆಗಳನ್ನು ನೋಡಿ ಇದನ್ನೇ ಕಂಡರು: ನಂಬರು ಕೇಳಿ ಪಡೆದವರು ಹೆಚ್ಚಾಗಿ ಥ್ಯಾಂಕ್ಸ್‌ಗೇ ನಿಲ್ಲಿಸುತ್ತಾರೆ, ಮಾತು ತುಸು ಆಪ್ತವಾದರೆ ‘ಗುಡ್‌ಬೈ’ ಕಾಣಿಸಿಕೊಳ್ಳುತ್ತದೆ. ಪರಿಚಯ ಹುಟ್ಟಿದ ಮೇಲೆ ಅದನ್ನು ಉಳಿಸಿಕೊಂಡು ಹೊರಡಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ನಾವು ಬೇಕಾದಾಗ ಮಾತು ಮುಗಿಸುತ್ತೇವೆಯೇ? 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಡಂ ಮಾಸ್ಟ್ರೋಯಾನಿ ಮತ್ತು ಜೊತೆಗಾರರ ಅಧ್ಯಯನದಲ್ಲಿ ಇಬ್ಬರೂ ಬಯಸಿದ ಹೊತ್ತಿಗೇ ಮುಗಿದ ಮಾತುಕತೆ ಶೇಕಡಾ 2ರಷ್ಟು ಮಾತ್ರ. ತನಗೆ ಯಾವಾಗ ಏಳಬೇಕೆನ್ನಿಸಿತು ಎಂಬುದನ್ನು ಪ್ರತಿಯೊಬ್ಬರೂ ಇನ್ನೊಬ್ಬರಿಂದ ಮುಚ್ಚಿಡುತ್ತಾರೆ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಅಲ್ಲಿನ ಇಂಗ್ಲಿಷ್ ಮಾತಿನ ಲೆಕ್ಕವನ್ನು ನಮ್ಮ ಜಗಲಿಗೆ ಹಾಗೇ ಹಚ್ಚಲಾಗದು. ಆದರೆ ಕಾರಣ ಮಾತ್ರ ಪರಿಚಿತ. ನಮ್ಮ ಮನೆಗೆ ಬಂದವರು ಜಗಲಿಯಲ್ಲಿ ‘ಹಂಗಾರೆ’ ಎನ್ನುತ್ತಾರೆ, ಎಲೆ-ಅಡಕೆಯ ಕವಳದ ಬಟ್ಟಲು ಮತ್ತೊಮ್ಮೆ ಮುಂದೆ ಬರುತ್ತದೆ. ಅಂಗಳಕ್ಕಿಳಿದು ಮತ್ತೊಮ್ಮೆ ‘ಹಂಗಾರೆ’, ಆಗ ಅಡಕೆಯ ದರದ ಮಾತು. ಬೇಲಿಯ ಬಾಗಿಲಾದ ದಣಪೆಯ ಹತ್ತಿರ ಮೂರನೆಯದು, ಅಲ್ಲಿ ಹತ್ತು ನಿಮಿಷ. ಜಗಲಿಯಲ್ಲಿ ಆಡಲಾಗದ ಮಾತು, ಮಗಳ ಜಾತಕದ್ದು, ತಮ್ಮನ ಜೊತೆಗಿನ ಹಿಸ್ಸೆಯದು, ದಣಪೆಯಲ್ಲೇ ಹೊರಬರುತ್ತದೆ. ತಡವಾಗುತ್ತದೆ ಎಂದು ನಾನು ಚಿಕ್ಕಂದಿನಲ್ಲಿ ಚಡಪಡಿಸುತ್ತಿದ್ದೆ. ಈಗ ಅನ್ನಿಸುವುದು, ಅಷ್ಟು ಸಲ ಮುಗಿಸಲು ಹೊರಟಿದ್ದರಿಂದಲೇ ಆ ಮಾತಿಗೆ ಜಾಗ ಸಿಕ್ಕಿತು.

ಚೀನೀಯರಲ್ಲಿ ಈ ಬಾಗಿಲವರೆಗಿನ ನಡಿಗೆಗೇ ಮಾತುಗಳಿವೆ. ಮನೆಯವರು ‘ಮಾನ್ ಝೋವ್’, ನಿಧಾನವಾಗಿ ನಡೆಯಿರಿ ಎನ್ನುತ್ತಾರೆ. ಅತಿಥಿ ‘ಲಿಯೂಬೂ’, ನಿಮ್ಮ ಹೆಜ್ಜೆ ಅಲ್ಲೇ ನಿಲ್ಲಲಿ, ಕಳಿಸಲು ಬರುವುದು ಬೇಡ ಎನ್ನುತ್ತಾನೆ. ‘ನಿಧಾನ’ ಎಂದದ್ದನ್ನು ಕೇಳಿ ನಿಧಾನವಾಗಿ ನಡೆಯುವವರು ಯಾರೂ ಇಲ್ಲ, ಹೋಗಲು ಅವಸರ ಮಾಡಲಿಲ್ಲ ಎಂಬ ಭರವಸೆ ಅಷ್ಟೆ.

‘ಹಂಗಾರೆ’ ಮತ್ತು ಸಯೋನಾರಾ

ಜಪಾನಿನ ‘ಸಯೋನಾರಾ’ ನಮಗೆಲ್ಲ ಗೊತ್ತಿರುವ ಶಬ್ದ. ಅದರ ಮೂಲ ‘ಸಯೋ ನರಬಾ’. ಅರ್ಥ: ಹಾಗಿದ್ದರೆ. ಅಷ್ಟೇ. ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿ ಆಯಿಯ ಹತ್ತಿರ ಹೋಗಿ ಹೇಳಿದೆ, ಜಪಾನಿನವರೂ ಹೊರಡುವಾಗ ‘ಹಂಗಾರೆ’ ಎನ್ನುತ್ತಾರೆ ಎಂದು. ವಾಕ್ಯವನ್ನು ಅರ್ಧಕ್ಕೆ ಬಿಟ್ಟು, ‘ಹಾಗಿದ್ದರೆ…’ದ ನಂತರದ್ದನ್ನು ಹೇಳದೆ, ಪೂರ್ವಸೂಚನೆಯೇ ಬೆಳೆದು ಕೊನೆಯ ಮಾತಾಯಿತು. ಇಂದಿನ ಜಪಾನಿನಲ್ಲಿ ಗೆಳೆಯರು ಆಡುವ ‘ಜಾ, ಮತಾ’ ಕೂಡ ‘ಹಾಗಾದರೆ, ಮತ್ತೆ’ ಎಂಬುದೇ. ಸಯೋನಾರಾಕ್ಕೆ ಈಗ ದೀರ್ಘ ಅಗಲಿಕೆಯ ಛಾಯೆ ಬಂದಿರುವುದರಿಂದ ಮನೆಯವರ ನಡುವೆ ಅದನ್ನು ಬಳಸುವುದಿಲ್ಲ. ಬೆಳಿಗ್ಗೆ ಮನೆ ಬಿಡುವವರು ‘ಇತ್ತೆಕಿಮಾಸ್’ ಎನ್ನುತ್ತಾರೆ: ಹೋಗಿ ಬರುತ್ತೇನೆ. ಉಳಿದವರು ‘ಇತ್ತೆರಾಶ್ಶಾಯ್’: ಹೋಗಿ ಬಾ.

ನಮ್ಮದೂ ಅದೇ ತಾನೆ. ನಮ್ಮ ಕಡೆ ‘ಹೋಗ್ತಿ’ ಎಂದು ಎದ್ದರೆ ಅಜ್ಜಿಯಂದಿರು ಕೂಡಲೇ ತಿದ್ದುತ್ತಾರೆ, ‘ಬತ್ತಿ ಹೇಳು’. ತಮಿಳಿನಲ್ಲಿ ‘ಪೋಯಿಟ್ಟು ವರೇನ್’, ಮಲಯಾಳದಲ್ಲಿ ‘ಪೋಯಿಟ್ಟು ವರಾಂ’, ತೆಲುಗಿನಲ್ಲಿ ‘ವೆಳ್ಳೊಸ್ತಾನು’, ಎಲ್ಲ ಹೋಗಿ ಬರುವುದೇ. ಕಾರವಾರದ ಕೊಂಕಣಿಯವರು ಹೋಗುವುದನ್ನೂ ಬಿಟ್ಟು ನೇರ ‘ಯೆತಾಂ’ ಎನ್ನುತ್ತಾರೆ, ಮರಾಠಿಯ ಗಂಡಸರು ‘ಯೇತೋ’, ಹೆಂಗಸರು ‘ಯೇತೇ’. ಬಂಗಾಳಿಯ ‘ಆಶಿ’ಯೂ ಬರುತ್ತೇನೆ ಎಂದೇ. ಭಾಷಾಕುಟುಂಬ ಬೇರೆಯಾದರೂ ಈ ನೆಲದ ಉದ್ದಕ್ಕೂ ಹೊರಡುವ ಕ್ರಿಯೆ ಬರುವ ಕ್ರಿಯೆಯ ವೇಷ ಹಾಕುತ್ತದೆ. ಕಾರಣ ಕಷ್ಟದ್ದಲ್ಲ: ‘ಹೋದರು’ ಎಂದರೆ ತೀರಿಕೊಂಡರು ಎಂದೂ ಅರ್ಥ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳದೆ ‘ಎಷ್ಟು ದೂರ’ ಎಂದು ಕೇಳುವುದೂ, ದೀಪ ಆರಿಸುವುದನ್ನು ‘ದೀಪ ಶಾಂತ ಮಾಡು’ ಎನ್ನುವುದೂ ಇದೇ ಎಚ್ಚರದಿಂದ.

ಬೇರೆ ಕೆಲವು ಸಂಸ್ಕೃತಿಗಳು ಮರಳಿ ಬರುವ ಭರವಸೆಯನ್ನು ಕೊಡುವ ಬದಲು, ಹೋಗುವವರನ್ನು ಬಲವಾದವನೊಬ್ಬನ ಕೈಗೆ ಒಪ್ಪಿಸುತ್ತವೆ. ಇಂಗ್ಲಿಷಿನ ‘ಗುಡ್‌ಬೈ’ ಹುಟ್ಟಿದ್ದು ‘ದೇವರು ನಿನ್ನ ಜೊತೆಗಿರಲಿ’ ಎಂಬ ಹರಕೆ ಸವೆದು. ಫ್ರೆಂಚಿನ ‘ಅದ್ಯೂ’, ಸ್ಪ್ಯಾನಿಷಿನ ‘ಅದಿಯೋಸ್’, ಪೋರ್ಚುಗೀಸಿನ ‘ಅದೇವುಸ್’, ಮೂರೂ ‘ದೇವರಿಗೆ’ ಎಂದು. ನಮ್ಮ ಜಿಲ್ಲೆಯ ಮುಸ್ಲಿಮರ ಮನೆಗಳಲ್ಲಿ ಕೇಳುವ ‘ಖುದಾ ಹಾಫಿಜ್’ನಲ್ಲಿ ಹಾಫಿಜ್ ಎಂದರೆ ಕಾಯುವವನು. ಸವೆದ ಶಬ್ದದಲ್ಲಿ ಹರಕೆ ಕಾಣುವುದಿಲ್ಲ, ಸವೆಯದ್ದರಲ್ಲಿ ಕಾಣುತ್ತದೆ. ‘ಗುಡ್‌ಬೈ’ ಹೇಳುವ ನಾಸ್ತಿಕನಿಗೆ ತೊಂದರೆ ಇಲ್ಲ, ಆದರೆ ‘ಅದ್ಯೂ’ ಎಂದು ಫ್ರೆಂಚರು ಹಗುರವಾಗಿ ಹೇಳುವುದಿಲ್ಲ, ದಿನದ ಬಳಕೆಗೆ ಅವರಿಗೆ ‘ಓ ರೆವುವಾರ್’, ಮತ್ತೆ ನೋಡುವ ತನಕ ಎಂಬುದಿದೆ.

ಇನ್ನೊಂದು ವ್ಯತ್ಯಾಸ, ಹೊರಡುವವರು ಮತ್ತು ಉಳಿಯುವವರು ಒಂದೇ ಮಾತು ಆಡುತ್ತಾರೆಯೇ ಎಂಬುದು. ಕೊರಿಯನ್ನಿನಲ್ಲಿ ಹೋಗುವವರಿಗೆ ‘ಅನ್ಯೊಂಗಿ ಕಸೆಯೋ’, ನೆಮ್ಮದಿಯಿಂದ ಹೋಗಿ. ಉಳಿಯುವವರಿಗೆ ‘ಅನ್ಯೊಂಗಿ ಕೆಸೆಯೋ’, ನೆಮ್ಮದಿಯಿಂದ ಇರಿ. ಒಂದು ಸ್ವರ ತಪ್ಪಿದರೆ ಮನೆಯ ಯಜಮಾನನಿಗೇ ಹೋಗಿ ಎಂದಂತೆ. ತುರ್ಕಿಯಲ್ಲಿ ಹೊರಡುವವರು ‘ಹೋಶ್ಚಾ ಕಾಲ್’, ಚೆನ್ನಾಗಿ ಇರು ಎಂದರೆ, ಉಳಿಯುವವರು ‘ಗ್ಯುಲೆ ಗ್ಯುಲೆ’, ನಗುನಗುತ್ತ ಎಂದು ಕಳಿಸುತ್ತಾರೆ. ನಮ್ಮಲ್ಲೂ ‘ಬತ್ತಿ’ಗೆ ಉತ್ತರ ‘ಬಾ’ ಅಥವಾ ‘ಬನ್ನಿ’. ನಮಸ್ಕಾರ, ಸ್ವಾಗತಕ್ಕೂ ಬೀಳ್ಕೊಡುಗೆಗೂ ಸಲ್ಲುತ್ತದೆ, ಯಾರು ಯಾವ ಕಡೆ ಎಂಬುದನ್ನು ಅದು ಕೇಳುವುದಿಲ್ಲ. ಹಾಗೆ ಕೇಳದಿರುವುದರಿಂದಲೇ ಅದು ಸಭೆಗೆ ಸರಿ, ಮನೆಯ ಮೆಟ್ಟಿಲಿಗೆ ಒಣಗಿದಂತೆ ಕೇಳಿಸುತ್ತದೆ.

‘ಬರ್ತೆ’ ಎನ್ನಬಾರದ ಕಡೆ

ದಿನವೂ ಬಳಸುವ ನುಡಿಗಟ್ಟಿನ ಅರ್ಥ ಸತ್ತಿರುತ್ತದೆ, ಅದು ಬರಿಯ ಗುರುತು ಎಂದು ಕೆಲವು ಕಡೆ ಓದುತ್ತೇವೆ. ‘ಬರ್ತೆ’ಯ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ಅರ್ಥ ಸತ್ತಿದ್ದರೆ ಅದನ್ನು ಎಲ್ಲಿ ಬೇಕಾದರೂ ಹೇಳಬಹುದಿತ್ತು. ಆಸ್ಪತ್ರೆಯಿಂದ ಬಿಡುಗಡೆಯಾಗುವ ರೋಗಿ ಡಾಕ್ಟರಿಗೆ ‘ಬರ್ತೇನೆ’ ಎನ್ನಲು ಹಿಂಜರಿಯುತ್ತಾನೆ. ಸಾವಿನ ಮನೆಗೆ ಹೋದವರು ಏಳುವಾಗ ‘ಬರ್ತೆ’ ಎನ್ನಬಾರದು. ಅಲ್ಲಿ ಬರುತ್ತೇನೆ ಎಂದರೆ ಇಂಥದೇ ಕಾರಣಕ್ಕೆ ಮತ್ತೆ ಬರುತ್ತೇನೆ ಎಂದಂತೆ. ‘ಹೋಗ್ತೆ’ ಎನ್ನಲು ಮೊದಲೇ ಬಾರದು. ಎರಡೂ ಬಾಗಿಲು ಮುಚ್ಚಿದ ಮೇಲೆ ಭಾಷೆಯ ಹತ್ತಿರ ಏನು ಉಳಿಯುತ್ತದೆ?

ಸ್ವಾಗತಕ್ಕೆ ಇಂಥ ಸ್ಥಿತಿ ಬರುವುದಿಲ್ಲ ಎಂಬುದನ್ನು ಗಮನಿಸಿ. ಸಾವಿನ ಮನೆಗೆ ಹೋದಾಗ ಮೌನವಾಗಿ ಒಳಗೆ ಹೋದರೂ ನಡೆಯುತ್ತದೆ, ಮುಖ ನೋಡಿದ ಕೂಡಲೇ ಅಳು ಬರುತ್ತದೆ, ಅದೇ ಸಾಕು. ಏಳುವ ಹೊತ್ತಿಗೆ ಮಾತ್ರ ಕೈಗೆ ಏನೂ ಸಿಗುವುದಿಲ್ಲ.

ಹದಿನೇಳನೇ ವಯಸ್ಸಿನಲ್ಲಿ ನಾನು ಅಲ್ಲೇ ತಪ್ಪಿದೆ. ಅಂಕೋಲಾ ಕಡೆಯ ಸಂಬಂಧಿಕರ ಮನೆ, ಹೋದವರು ನನಗೆ ತುಂಬ ಬೇಕಾದ ದೊಡ್ಡಪ್ಪ. ಏಳುವಾಗ ಅಭ್ಯಾಸಬಲದಿಂದ ದೊಡ್ಡಮ್ಮನ ಹತ್ತಿರ ‘ಬತ್ತಿ ದೊಡ್ಡಮ್ಮಾ’ ಎಂದೆ. ಕೋಣೆ ಒಂದು ಕ್ಷಣ ಸುಮ್ಮನಾಯಿತು. ಯಾರೂ ಬಯ್ಯಲಿಲ್ಲ. ಆಯಿ ನನ್ನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ನನಗೆ ಆ ಮಾತನ್ನು ವಾಪಸ್ ತೆಗೆದುಕೊಳ್ಳುವ ಆಸೆ, ಆದರೆ ತಿರುಗಿ ಹೋಗಿ ತಿದ್ದಿದರೆ ತಪ್ಪು ಇನ್ನೂ ದೊಡ್ಡದಾಗುತ್ತಿತ್ತು. ಹೊರಡುವ ಮಾತಿನ ನಂತರ ತಿದ್ದುಪಡಿಗೆ ಜಾಗ ಇಲ್ಲ ಎಂದು ಮೇಲೆ ಬರೆದೆನಲ್ಲ, ಅದು ನನಗೆ ಪುಸ್ತಕಕ್ಕಿಂತ ಮೊದಲು ಅಲ್ಲಿ ತಿಳಿಯಿತು.

ವರ್ಷಗಳ ಮೇಲೆ ಅಂಥದೇ ಇನ್ನೊಂದು ಮನೆಯಲ್ಲಿ ಆಯಿ ಏನು ಮಾಡುತ್ತಾಳೆ ಎಂದು ನೋಡುತ್ತ ಕುಳಿತೆ. ಸುಮಾರು ಮುಕ್ಕಾಲು ಗಂಟೆ ಕೂತಳು. ಹೆಚ್ಚು ಮಾತಿಲ್ಲ. ಒಮ್ಮೆ ಸೆರಗು ಸರಿಮಾಡಿಕೊಂಡಳು, ಆ ಮನೆಯ ಹೆಂಗಸು ತಲೆಯೆತ್ತಿ ನೋಡಿದಳು. ಆಯಿ ಎದ್ದು ಅವಳ ಕೈಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ‘ಹಂಗಾರೆ…’ ಎಂದಳು. ಅವಳು ‘ಹ್ಞೂಂ’ ಎಂದಳು. ನಾವು ಚಪ್ಪಲಿ ಹಾಕಿಕೊಂಡು ಇಳಿದೆವು.